ಅಪ್ಪೆಮಿಡಿ ಮಾರೋಕೆ ಯಾವ ಅಂಗಡಿ?

ಮನೆಯಲ್ಲಿ ಉಪ್ಪಿನಕಾಯಿ ಮಾಡಿ ಮಾರುವವರು ಆನ್‌ಲೈನ್ ಮಾತು ಬಂದಾಗ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ದೊಡ್ಡ ಮಾರ್ಕೆಟ್‌ಪ್ಲೇಸ್‌ಗೆ ಸೇರೋದಾ, ನಮ್ಮದೇ ವೆಬ್‌ಸೈಟ್ ಮಾಡಿಸೋದಾ? ಉತ್ತರ ಹೇಳುವವರು ಸೀದಾ ಕಮಿಷನ್ ಲೆಕ್ಕಕ್ಕೆ ಹೋಗುತ್ತಾರೆ. ಆ ಲೆಕ್ಕ ಬೇಕು, ಮುಂದೆ ಮಾಡೋಣ. ಆದರೆ ಅದಕ್ಕಿಂತ ಮೊದಲು ಭರಣಿಯಲ್ಲಿ ಏನಿದೆ ಅಂತ ನೋಡಬೇಕು. ನಿಂಬೆಕಾಯಿ ಇದ್ದರೆ ಒಂದು ಉತ್ತರ, ಅಪ್ಪೆಮಿಡಿ ಇದ್ದರೆ ಇನ್ನೊಂದು.

ಸಾಗರದ ಕಡೆ ನಮ್ಮ ಅತ್ತಿಗೆ ಎರಡನ್ನೂ ಮಾಡುತ್ತಾರೆ. ಅವರ ಆನ್‌ಲೈನ್ ಲೆಕ್ಕಪತ್ರ, ಪಾರ್ಸೆಲ್ ಕೆಲಸ ನೋಡಿಕೊಳ್ಳುವವನು ನಾನು. ಹಾಗಾಗಿ ಇಲ್ಲಿ ಬರೆಯುವುದೆಲ್ಲ ಅವರ ಅಡುಗೆಮನೆಯ ಸುತ್ತಲೇ ಇರುತ್ತದೆ.

ಅಪ್ಪೆಮಿಡಿ ಗೊತ್ತಿಲ್ಲದವರಿಗೆ ಎರಡು ಮಾತು. ಮಲೆನಾಡಿನ ಹೊಳೆದಂಡೆಯ ಕಾಡುಮಾವಿನ ಮರಗಳಲ್ಲಿ ಬಿಡುವ ಎಳೆಯ ಮಿಡಿ ಇದು. ಇಂಥ ಪ್ರದೇಶದ್ದೇ ವಿಶೇಷ ಬೆಳೆ ಅಂತ ಗುರುತಿಸುವ ಜಿಐ ಟ್ಯಾಗ್ ಕೂಡ ಇದಕ್ಕೆ ಇದೆ. ಫೆಬ್ರವರಿಯಿಂದ ಏಪ್ರಿಲ್ ಒಳಗೆ ಸಿಕ್ಕಿದ್ದಷ್ಟೇ. ಮಿಡಿಯನ್ನು ತೊಟ್ಟಿನ ಸಮೇತ ಕೊಯ್ಯಬೇಕು, ನೆಲಕ್ಕೆ ಬೀಳಿಸಬಾರದು. ಪೆಟ್ಟು ಬಿದ್ದ ಒಂದು ಮಿಡಿ ಭರಣಿಯಲ್ಲಿ ಮೆತ್ತಗಾಗಿ ಉಳಿದವನ್ನೂ ಕೆಡಿಸುತ್ತದೆ. ಅದಕ್ಕೇ ಅತ್ತಿಗೆ ಒಂದೊಂದನ್ನೂ ಬೆಳಕಿಗೆ ಹಿಡಿದು ತಿರುಗಿಸಿ ನೋಡಿಯೇ ತೆಗೆದುಕೊಳ್ಳುವುದು. ಆಮೇಲೆ ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು. ಮಿಡಿ ತನ್ನ ನೀರು ಬಿಟ್ಟು ಚಿರುಟುವವರೆಗೆ ಕಾಯಬೇಕು. ಆ ಉಪ್ಪುನೀರನ್ನೇ ಕುದಿಸಿ, ಪೂರ್ತಿ ಆರಿಸಿ, ಸಾಸಿವೆ, ಬ್ಯಾಡಗಿ ಮೆಣಸು, ಅರಿಶಿನ ಅರೆದು ಕಲಸುತ್ತಾರೆ. ಎಣ್ಣೆ ಇಲ್ಲ. ಕೆಡದಂತೆ ಕಾಯೋದು ಉಪ್ಪು ಮತ್ತು ಮಿಡಿಯ ಸ್ವಂತ ಹುಳಿ, ಸೊನೆ.

ಇದರಲ್ಲಿ ಮೂರು ಸಂಗತಿ ವ್ಯಾಪಾರಕ್ಕೆ ಸಂಬಂಧಪಟ್ಟವು. ವರ್ಷಕ್ಕೆ ಒಂದೇ ಸಲ ಮಾಡಬಹುದು. ಮಿಡಿಗೆ ಮಾರ್ಚ್‌ನಲ್ಲಿ ಕೈಯಲ್ಲಿ ದುಡ್ಡು ಹಿಡಿದು ಹೋಗಬೇಕು, ಮಾರಾಟದ ಹಣ ಬರುವುದು ತಿಂಗಳುಗಳ ನಂತರ. ಮತ್ತೆ ತಿಂದವರು ಮುಂದಿನ ವರ್ಷವೂ ಅದೇ ಮನೆಯದ್ದನ್ನೇ ಹುಡುಕಿಕೊಂಡು ಬರುತ್ತಾರೆ.

ಈಗ ಮಾರ್ಕೆಟ್‌ಪ್ಲೇಸ್‌ಗೆ ಬರೋಣ. ಅಲ್ಲಿ ಜನ ಹುಡುಕುವುದು ‘ಮ್ಯಾಂಗೋ ಪಿಕಲ್’ ಅಂತ. ಹಾಗೆ ಹುಡುಕುವವರ ಮನಸ್ಸಿನಲ್ಲಿ ಇರುವುದು ಹೋಳು ಮಾಡಿದ ಮಾವಿನಕಾಯಿ, ಮೇಲೆ ತೇಲುವ ಎಣ್ಣೆ. ಅವರಿಗೆ ಇಡೀ ಮಿಡಿ, ತೊಟ್ಟು, ತೆಳುವಾದ ಉಪ್ಪುನೀರು ಇರುವ ಬಾಟಲಿ ಸಿಕ್ಕರೆ ‘ಎಣ್ಣೆಯೇ ಹಾಕಿಲ್ಲ, ಹಾಳಾಗಿದೆ’ ಅಂತ ಒಂದು ಸ್ಟಾರ್ ಕೊಡುತ್ತಾರೆ. ಇದರಲ್ಲಿ ಅವರ ತಪ್ಪಿಲ್ಲ. ಅವರಿಗೆ ಇದು ಏನು ಅಂತ ಹೇಳುವವರಿಲ್ಲ. ಲಿಸ್ಟಿಂಗ್‌ನಲ್ಲಿ ಐದಾರು ಸಾಲು ಬರೆಯಬಹುದು, ಫೋಟೊ ಹಾಕಬಹುದು. ಆದರೆ ಮೊಬೈಲ್‌ನಲ್ಲಿ ನೋಡುವವರು ಮೊದಲ ಫೋಟೊ ಮತ್ತು ಬೆಲೆ ನೋಡಿ ಒತ್ತಿಬಿಡುತ್ತಾರೆ. ಆಹಾರ ಪದಾರ್ಥ ಅಂದಮೇಲೆ ಸಾಮಾನ್ಯವಾಗಿ ವಾಪಸ್ ತೆಗೆದುಕೊಳ್ಳುವುದಿಲ್ಲ, ಹಣ ಮಾತ್ರ ಹಿಂದಿರುಗಿಸುತ್ತಾರೆ. ಬಾಟಲಿಯೂ ಹೋಯಿತು, ಹಣವೂ ಹೋಯಿತು, ರಿವ್ಯೂ ಮಾತ್ರ ಉಳಿಯಿತು.

ಇನ್ನೊಂದು ತೊಂದರೆ ನಿಧಾನಕ್ಕೆ ತಿಳಿಯುವಂಥದ್ದು. ಮಾರ್ಕೆಟ್‌ಪ್ಲೇಸ್‌ನಲ್ಲಿ ಸತತವಾಗಿ ಮಾರುವ ಸರಕು ಹುಡುಕಾಟದಲ್ಲಿ ಮೇಲೆ ಬರುತ್ತದೆ. ಅಪ್ಪೆಮಿಡಿ ದೀಪಾವಳಿ ಹೊತ್ತಿಗೆ ಖಾಲಿ. ಅಲ್ಲಿಂದ ಮುಂದಿನ ಬ್ಯಾಚ್ ಬರುವವರೆಗೆ ಲಿಸ್ಟಿಂಗ್ ಸುಮ್ನೆ ಮಲಗಿರುತ್ತದೆ. ಮತ್ತೆ ಸ್ಟಾಕ್ ಹಾಕಿದಾಗ ಪುಟ ಕೆಳಗೆ ಹೋಗಿರುತ್ತದೆ, ಮತ್ತೆ ಜಾಹೀರಾತಿಗೆ ದುಡ್ಡು ಹಾಕಿ ಮೇಲೆತ್ತಬೇಕು. ಹೋದ ವರ್ಷ ಕೊಂಡವರಿಗೆ ‘ಹೊಸ ಮಿಡಿ ಬಂತು’ ಅಂತ ಹೇಳೋಣ ಅಂದರೆ ಅವರ ಫೋನ್ ನಂಬರ್ ನಮ್ಮ ಹತ್ತಿರ ಇರುವುದಿಲ್ಲ. ಅವರು ನಮ್ಮ ಗಿರಾಕಿಗಳಲ್ಲ, ಆ ತಾಣದ ಗಿರಾಕಿಗಳು. ಪಾರ್ಸೆಲ್ ಒಳಗೆ ‘ಮುಂದಿನ ಸಲ ನಮ್ಮ ವೆಬ್‌ಸೈಟಿಗೆ ಬನ್ನಿ’ ಅಂತ ಚೀಟಿ ಹಾಕುವುದು ಬಹುತೇಕ ಮಾರ್ಕೆಟ್‌ಪ್ಲೇಸ್‌ಗಳ ನಿಯಮಕ್ಕೆ ವಿರುದ್ಧ. ಸಿಕ್ಕಿಬಿದ್ದರೆ ಅಕೌಂಟ್ ನಿಲ್ಲಿಸುತ್ತಾರೆ.

ಆದರೆ ಲೇಬಲ್ ವಿಷಯ ಬೇರೆ. ಪ್ಯಾಕ್ ಮಾಡಿದ ಸರಕಿನ ಮೇಲೆ ತಯಾರಕರ ಹೆಸರು, ವಿಳಾಸ, ದೂರು ಹೇಳಲು ಫೋನ್ ನಂಬರ್ ಮತ್ತು ಇಮೇಲ್ ಇರಲೇಬೇಕು ಅಂತ ತೂಕ ಮತ್ತು ಅಳತೆಯ ಕಾನೂನೇ ಹೇಳುತ್ತದೆ. ಆಹಾರ ಪರವಾನಗಿಯ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರ್, ಬ್ಯಾಚ್, ತಯಾರಿಸಿದ ದಿನಾಂಕ, ನಿವ್ವಳ ತೂಕ, ಎಂಆರ್‌ಪಿ, ಹಸಿರು ಚುಕ್ಕಿ ಇವೆಲ್ಲದರ ಜೊತೆಗೆ ಇದೂ ಕಡ್ಡಾಯ. ಅತ್ತಿಗೆ ಆ ನಂಬರನ್ನು ಕಣ್ಣಿಗೆ ಕಾಣುವ ಹಾಗೆ ಸ್ವಲ್ಪ ದೊಡ್ಡದಾಗಿಯೇ ಹಾಕಿಸಿದ್ದಾರೆ. ಮಾರ್ಕೆಟ್‌ಪ್ಲೇಸ್‌ನಲ್ಲಿ ಕೊಂಡು ಇಷ್ಟಪಟ್ಟವರು ಬಾಟಲಿ ನೋಡಿ ಫೋನ್ ಮಾಡುತ್ತಾರೆ. ಅದು ಯಾವ ನಿಯಮವನ್ನೂ ಮುರಿದ ಹಾಗಲ್ಲ.

ಇನ್ನು ಲೆಕ್ಕ. 500 ಗ್ರಾಂ ಬಾಟಲಿ, ಬೆಲೆ 380 ರೂಪಾಯಿ ಅಂತ ಇಟ್ಟುಕೊಳ್ಳೋಣ. ದರಗಳು ತಾಣದಿಂದ ತಾಣಕ್ಕೆ ಬೇರೆ, ಆಗಾಗ ಬದಲಾಗುತ್ತವೆ. ಹಾಗಾಗಿ ಇದನ್ನು ಮಾದರಿ ಅಂತಲೇ ಓದಿ, ನಿಮ್ಮ ಅಂಕಿ ಹಾಕಿಕೊಳ್ಳಿ. ಕಮಿಷನ್ 8% ಅಂದರೆ 30 ರೂಪಾಯಿ. ಪ್ರತಿ ಆರ್ಡರ್‌ಗೆ ನಿಗದಿ ಶುಲ್ಕ 25. ಸಾಗಣೆ 100. ಒಟ್ಟು 155. ಈ ಶುಲ್ಕಗಳ ಮೇಲೆ 18% ಜಿಎಸ್‌ಟಿ, ಅಂದರೆ 28. ಎಲ್ಲ ಕಳೆದು ಬ್ಯಾಂಕಿಗೆ ಬರುವುದು 197. ಮಿಡಿ, ಮಸಾಲೆ, ಬಾಟಲಿ, ರಟ್ಟಿನ ಪೆಟ್ಟಿಗೆ ಸೇರಿ 130 ಖರ್ಚು ಅಂದರೆ ಉಳಿದದ್ದು 67 ರೂಪಾಯಿ. ಅತ್ತಿಗೆಯ ದುಡಿಮೆ, ಗ್ಯಾಸು, ಕೆಟ್ಟುಹೋದ ಮಿಡಿ, ಒಡೆದ ಬಾಟಲಿ ಎಲ್ಲ ಅದರೊಳಗೇ. ಜಾಹೀರಾತಿಗೆ ಮಾರಾಟದ ಹತ್ತರಲ್ಲೊಂದು ಪಾಲು ಹಾಕಿದರೆ ಕೈಗೆ 29.

ಇಲ್ಲಿ ತೆರಿಗೆಯ ಒಂದು ಗಂಟು ಇದೆ, ಸಣ್ಣವರಿಗೆ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಉಪ್ಪಿನಕಾಯಿಯ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 12%ನಿಂದ 5%ಕ್ಕೆ ಇಳಿಯಿತು. ಕೊಳ್ಳುವವರಿಗೆ ಒಳ್ಳೆಯದೇ. 380ರೊಳಗೇ ತೆರಿಗೆಯೂ ಸೇರಿದೆ, ಅದರಲ್ಲಿ ನಾವು ಕಟ್ಟಬೇಕಾದದ್ದು 18 ರೂಪಾಯಿ. ಆದರೆ ಶುಲ್ಕಗಳ ಮೇಲೆ ಆಗಲೇ 28 ಕಟ್ಟಿ ಆಗಿದೆ. 18ನ್ನು ಅದರಲ್ಲಿ ವಜಾ ಮಾಡಿಕೊಳ್ಳಬಹುದು, ಉಳಿದ 10 ನಮ್ಮ ಜಿಎಸ್‌ಟಿ ಲೆಡ್ಜರ್‌ನಲ್ಲಿ ಕೂರುತ್ತದೆ. ಕೊಂಡ ವಸ್ತುವಿನ ತೆರಿಗೆ ಹೀಗೆ ಮಿಕ್ಕರೆ ವಾಪಸ್ ಕೇಳಲು ದಾರಿ ಇದೆ, ಆದರೆ ಆ ಸೂತ್ರದಲ್ಲಿ ಸೇವೆಯ ಮೇಲಿನ ತೆರಿಗೆ ಸೇರುವುದಿಲ್ಲ. ಕಮಿಷನ್ ಅನ್ನುವುದು ಸೇವೆ. ಹಾಗಾಗಿ ಆ ಹತ್ತು ಹತ್ತು ರೂಪಾಯಿ ಗುಡ್ಡೆಯಾಗುತ್ತಾ ಹೋಗುತ್ತದೆ, ಕೈಗೆ ಸಿಗುವುದಿಲ್ಲ.

ಅದೇ ಬಾಟಲಿಯನ್ನು ಸ್ವಂತ ವೆಬ್‌ಸೈಟ್‌ನಲ್ಲಿ 380ಕ್ಕೇ ಮಾರಿದರೆ? ಆನ್‌ಲೈನ್‌ನಲ್ಲಿ ಹಣ ಪಡೆದುಕೊಡುವ ಪೇಮೆಂಟ್ ಗೇಟ್‌ವೇಗೆ ಸುಮಾರು 2%, ಅದರ ಮೇಲೆ ಜಿಎಸ್‌ಟಿ, ಒಟ್ಟು 9 ರೂಪಾಯಿ. ಕೊರಿಯರ್ ತೆರಿಗೆ ಸೇರಿ 100 ಅಂತಿಟ್ಟುಕೊಳ್ಳಿ. ಉಳಿದದ್ದು 271. ಅದೇ 130 ಕಳೆದರೆ 141, ತೆರಿಗೆ ವಜಾ ಆದಮೇಲೆ ಒಂದೆರಡು ರೂಪಾಯಿ ಕಟ್ಟುವುದು ಬರುತ್ತದೆ. 140ರ ಆಸುಪಾಸು ಅನ್ನಿ. ಅಲ್ಲಿಗೆ ಒಂದು ಬಾಟಲಿಗೆ 70 ರೂಪಾಯಿಗಿಂತ ಜಾಸ್ತಿ ವ್ಯತ್ಯಾಸ. ಡೊಮೈನ್, ಹೋಸ್ಟಿಂಗ್, ಸಣ್ಣಪುಟ್ಟ ರಿಪೇರಿ ಸೇರಿ ವೆಬ್‌ಸೈಟಿಗೆ ವರ್ಷಕ್ಕೆ 10,000 ಖರ್ಚಾದರೆ 140 ಬಾಟಲಿ ಮಾರಿದಾಗ ಅದು ಹುಟ್ಟುತ್ತದೆ.

ಇದನ್ನು ನೋಡಿ ಎಲ್ಲರೂ ವೆಬ್‌ಸೈಟ್ ಕಡೆ ಓಡಬೇಕು ಅಲ್ವಾ? ಹಾಗಲ್ಲ. ಈ ಲೆಕ್ಕದಲ್ಲಿ ಒಂದು ಸಾಲು ಬಿಟ್ಟಿದೆ. ಗಿರಾಕಿ ವೆಬ್‌ಸೈಟಿಗೆ ಬಂದದ್ದು ಹೇಗೆ? ಮಾರ್ಕೆಟ್‌ಪ್ಲೇಸ್‌ನಲ್ಲಿ ಕಮಿಷನ್ ಕೊಡುವುದು ಜನ ಅಲ್ಲಿ ಆಗಲೇ ಓಡಾಡುತ್ತಿದ್ದಾರೆ ಅನ್ನುವ ಕಾರಣಕ್ಕೆ. ನಮ್ಮ ವೆಬ್‌ಸೈಟ್ ರಸ್ತೆಯೇ ಇಲ್ಲದ ಊರಿನ ಅಂಗಡಿ. ಸೋಷಿಯಲ್ ಮೀಡಿಯಾ ಜಾಹೀರಾತು ಹಾಕಿ ಒಬ್ಬ ಹೊಸ ಗಿರಾಕಿಯನ್ನು ತರಲು 150 ರೂಪಾಯಿ ಖರ್ಚಾದರೆ ಮೊದಲ ಬಾಟಲಿಯಲ್ಲಿ ನಷ್ಟವೇ. ಅವರು ಎರಡನೇ ಸಲ ಬಂದಾಗ ಮಾತ್ರ ಆ 140 ಪೂರ್ತಿ ನಮ್ಮದು. ಅಂದರೆ ವೆಬ್‌ಸೈಟ್ ಲಾಭ ಕೊಡುವುದು ಮತ್ತೆ ಮತ್ತೆ ಬರುವವರಿಂದ. ಅಪ್ಪೆಮಿಡಿಗೆ ಅಂಥವರು ಇದ್ದಾರೆ. ಬೆಂಗಳೂರಿನಲ್ಲಿ ಮಲೆನಾಡಿನ ಮನೆಗಳು ಎಷ್ಟಿವೆ! ಅವರಿಗೆ ಮಿಡಿ ಅಂದರೆ ಏನು ಅಂತ ಹೇಳಬೇಕಾಗಿಲ್ಲ, ತೊಟ್ಟು ಯಾಕಿದೆ ಅಂತ ಕೇಳುವುದಿಲ್ಲ. ಜೀರಿಗೆ ವಾಸನೆಯ ಮಿಡಿ ಸಿಗುತ್ತದಾ ಅಂತ ಅವರೇ ಕೇಳುತ್ತಾರೆ. ನಿಂಬೆಕಾಯಿಗೆ ಈ ಅದೃಷ್ಟ ಇಲ್ಲ. ನಿಂಬೆ ಉಪ್ಪಿನಕಾಯಿ ಎಲ್ಲ ಕಡೆ ಸಿಗುತ್ತದೆ, ಅದನ್ನೇ ಹುಡುಕಿಕೊಂಡು ಯಾರೂ ವೆಬ್‌ಸೈಟಿಗೆ ಬರುವುದಿಲ್ಲ.

ಜಿಎಸ್‌ಟಿ ನೋಂದಣಿಯ ಬಗ್ಗೆಯೂ ಹೇಳಿಬಿಡಬೇಕು, ಯಾಕೆಂದರೆ ‘ಸ್ವಂತ ವೆಬ್‌ಸೈಟ್ ಆದರೆ ಜಿಎಸ್‌ಟಿ ಬೇಡ’ ಅಂತ ಎಷ್ಟೋ ಜನ ನಂಬಿದ್ದಾರೆ. ಅದು ಅರ್ಧ ಮಾತ್ರ ನಿಜ. ಕರ್ನಾಟಕದ ಒಳಗೇ ಮಾರುವುದಾದರೆ ವಾರ್ಷಿಕ ವಹಿವಾಟು 40 ಲಕ್ಷ ದಾಟುವವರೆಗೆ ಸರಕು ಮಾರುವವರಿಗೆ ನೋಂದಣಿ ಬೇಕಿಲ್ಲ. ಆದರೆ ಪುಣೆಗೋ ಹೈದರಾಬಾದಿಗೋ ಒಂದು ಬಾಟಲಿ ಮಾರಿದರೂ ಬೇಕು. ಅದು ಯಾವ ವೆಬ್‌ಸೈಟ್ ಆದರೂ ಅಷ್ಟೇ. ಮಾರ್ಕೆಟ್‌ಪ್ಲೇಸ್‌ನಲ್ಲಿ ಮೊದಲು ಎಲ್ಲರಿಗೂ ಕಡ್ಡಾಯವಿತ್ತು. 2023ರ ಅಕ್ಟೋಬರ್ 1ರಿಂದ ಅಲ್ಲೂ ರಾಜ್ಯದೊಳಗೆ ಮಾತ್ರ ಮಾರುವ ಸಣ್ಣವರಿಗೆ ವಿನಾಯಿತಿ ಇದೆ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಎನ್‌ರೋಲ್‌ಮೆಂಟ್ ನಂಬರ್ ಮಾಡಿಸಿಕೊಂಡರೆ ಸಾಕು. ಆದ್ದರಿಂದ ಶುರು ಮಾಡುವವರು ವೆಬ್‌ಸೈಟ್‌ನಲ್ಲಿ ಕರ್ನಾಟಕದ ಪಿನ್‌ಕೋಡ್‌ಗಳನ್ನು ಮಾತ್ರ ತೆರೆದಿಟ್ಟು ಒಂದು ವರ್ಷ ನೋಡಬಹುದು. ಎಫ್‌ಎಸ್‌ಎಸ್‌ಎಐ ಮಾತ್ರ ಎರಡೂ ಕಡೆ ಬೇಕೇ ಬೇಕು, ಅದರಲ್ಲಿ ಮಾತಿಲ್ಲ.

ಈಗ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ ವಿಷಯ. ವೆಬ್‌ಸೈಟ್‌ನಿಂದ ಉಳಿಯುವ 70 ರೂಪಾಯಿಗಿಂತ ದೊಡ್ಡ ಉಪಯೋಗ ಮುಂಗಡ ಬುಕಿಂಗ್. ಮಿಡಿ ಕೊಯ್ಯುವವರು ಸಾಲ ಕೊಡುವುದಿಲ್ಲ. ನೂರರ ಲೆಕ್ಕದಲ್ಲಿ ಎಣಿಸಿ ನಗದು ತೆಗೆದುಕೊಂಡು ಹೋಗುತ್ತಾರೆ. ಒಳ್ಳೆಯ ಮಿಡಿ ಬಂದ ದಿನ ಕೈಯಲ್ಲಿ ದುಡ್ಡಿಲ್ಲದಿದ್ದರೆ ಅದು ಪಕ್ಕದ ಮನೆಯ ಭರಣಿಗೆ ಹೋಗುತ್ತದೆ. ಮಾರ್ಕೆಟ್‌ಪ್ಲೇಸ್‌ನಲ್ಲಿ ತಯಾರಾಗಿ, ಲೇಬಲ್ ಹಚ್ಚಿ, ಕಳಿಸಿ, ತಲುಪಿದ ಮೇಲೆ ಹಣ ಬರುತ್ತದೆ. ನಮ್ಮದೇ ವೆಬ್‌ಸೈಟ್‌ನಲ್ಲಿ ಜನವರಿಯಲ್ಲೇ ಒಂದು ಪುಟ ತೆರೆದು ‘ಈ ವರ್ಷದ ಮಿಡಿ, ಜೂನ್‌ನಲ್ಲಿ ಕಳಿಸುತ್ತೇವೆ’ ಅಂತ ಬರೆಯಬಹುದು.

ಅತ್ತಿಗೆಗೆ ಇದನ್ನು ಹೇಳಿದಾಗ ಅವರು ಕೈಯಲ್ಲಿದ್ದ ಸೌಟು ಕೆಳಗಿಟ್ಟು ಕೇಳಿದ್ದು ಒಂದೇ ಮಾತು. “ಅಲ್ಲ ಮಾರಾಯ, ಆಲಿಕಲ್ಲು ಬಿದ್ದು ಮಿಡಿ ಉದುರಿದರೆ ಏನು ಮಾಡ್ತೆ? ಜನರ ದುಡ್ಡು ಅದು.”

ಆ ಭಯ ಸರಿಯಾದದ್ದೇ. ಮಾವು ಒಂದು ವರ್ಷ ಜಾಸ್ತಿ ಬಿಟ್ಟರೆ ಮರುವರ್ಷ ಕೈಕೊಡುತ್ತದೆ. ಮಂಜು ಹೆಚ್ಚಾದರೆ ಹೂವು ಕರಗುತ್ತದೆ, ಅಕಾಲದ ಮಳೆ, ಆಲಿಕಲ್ಲು ಬಂದರೆ ಮಿಡಿ ನೆಲಕ್ಕೆ. ಅದಕ್ಕೇ ಬುಕಿಂಗ್‌ಗೆ ಮೇರೆ ಇಟ್ಟೆವು. ಕಡಿಮೆ ಬೆಳೆಯ ವರ್ಷದಲ್ಲೂ ಎಷ್ಟು ಬಾಟಲಿ ಆಗಿಯೇ ಆಗುತ್ತದೋ ಅದರ ಅರ್ಧಕ್ಕೆ ಮಾತ್ರ ಮುಂಗಡ. ಪೂರ್ತಿ ಬೆಲೆ ತೆಗೆದುಕೊಳ್ಳುವುದಿಲ್ಲ, ಮೂರರಲ್ಲೊಂದು ಪಾಲು. ಮಿಡಿ ಸಿಗದಿದ್ದರೆ ಏಪ್ರಿಲ್ ಕೊನೆಯೊಳಗೆ ಹಣ ವಾಪಸ್ ಅಂತ ಪುಟದ ಮೇಲ್ಭಾಗದಲ್ಲೇ ಬರೆದಿದೆ. ಈ ಮೂರು ಷರತ್ತು ಇಲ್ಲದೆ ಮುಂಗಡ ತೆಗೆದುಕೊಳ್ಳಲೇಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ. ಬಂದ ಮುಂಗಡ ಪೂರ್ತಿ ಮಿಡಿಗೇ ಹೋಗಬೇಕು, ಮನೆಖರ್ಚಿಗೆ ಬೆರೆಯಬಾರದು.

ಸ್ವಂತ ವೆಬ್‌ಸೈಟ್‌ನ ಭಾರ ಎಲ್ಲಿದೆ ಅಂದರೆ ಪಾರ್ಸೆಲ್‌ನಲ್ಲಿ. ಉಪ್ಪುನೀರಿನ ಉಪ್ಪಿನಕಾಯಿ ಎಣ್ಣೆಯದ್ದಕ್ಕಿಂತ ಹಟಮಾರಿ. ಬಾಟಲಿಗೆ ತುಂಬಿದ ಮೇಲೂ ಒಳಗೆ ಸ್ವಲ್ಪ ಗಾಳಿ ಏಳುತ್ತಿರುತ್ತದೆ. ಬೇಗ ತುಂಬಿ ಕಳಿಸಿದರೆ ದಾರಿಯಲ್ಲಿ ಮುಚ್ಚಳದ ಸಂದಿಯಿಂದ ಖಾರದ ನೀರು ಜಿನುಗಿ ಪೆಟ್ಟಿಗೆಯ ತಳ ಕೆಂಪಾಗುತ್ತದೆ. ಅದಕ್ಕೆ ಅತ್ತಿಗೆ ಭರಣಿಯಲ್ಲೇ ಚೆನ್ನಾಗಿ ಪಾಕಕ್ಕೆ ಬಂದ ಮೇಲೆ ತುಂಬುತ್ತಾರೆ. ಬಾಟಲಿಯ ಬಾಯಿಂದ ಒಂದು ಬೆರಳಷ್ಟು ಜಾಗ ಬಿಡುತ್ತಾರೆ, ಆದರೆ ಮಿಡಿ ನೀರಿನಿಂದ ಮೇಲೆ ತಲೆ ಎತ್ತಬಾರದು, ಎತ್ತಿದರೆ ಅಲ್ಲೇ ಬೂಷ್ಟು ಹಿಡಿಯುತ್ತದೆ. ಮುಚ್ಚಿದ ಬಾಟಲಿಗಳನ್ನು ಹಳೆ ಪೇಪರ್ ಮೇಲೆ ಒಂದು ರಾತ್ರಿ ತಲೆಕೆಳಗಾಗಿ ನಿಲ್ಲಿಸುತ್ತಾರೆ. ಬೆಳಗ್ಗೆ ಪೇಪರ್ ಮೇಲೆ ಒಂದು ಹಳದಿ ಉಂಗುರ ಕಂಡರೂ ಆ ಬಾಟಲಿ ಹೋಗುವುದಿಲ್ಲ, ಮುಚ್ಚಳ ಬದಲಾಗುತ್ತದೆ. ಆಮೇಲೆ ಪ್ಲಾಸ್ಟಿಕ್ ಚೀಲ, ಬಬಲ್ ಸುತ್ತು, ಪೆಟ್ಟಿಗೆ.

ಪೆಟ್ಟಿಗೆಯ ಅಳತೆಯಲ್ಲೂ ದುಡ್ಡಿದೆ. ಕೊರಿಯರ್‌ನವರು ನಿಜವಾದ ತೂಕ ಮತ್ತು ಗಾತ್ರದ ತೂಕ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದರ ಹಾಕುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ಸಾಮಾನ್ಯ ಪದ್ಧತಿ. 20, 15, 15ರ ಪೆಟ್ಟಿಗೆ ಅಂದರೆ 0.9 ಕೆಜಿ, ಗಾಜಿನ ಬಾಟಲಿ ಸೇರಿ ನಿಜ ತೂಕವೂ ಅಷ್ಟೇ ಆಸುಪಾಸು. ಅಂಗಡಿಯಲ್ಲಿ ಸಿಕ್ಕಿತು ಅಂತ 20, 20, 18ರ ಪೆಟ್ಟಿಗೆ ತಂದರೆ 1.44 ಕೆಜಿ ಆಗಿ ಮುಂದಿನ ದರಕ್ಕೆ ಹಾರುತ್ತದೆ. ಎರಡು ಬಾಟಲಿ ಒಟ್ಟಿಗೆ ಕಳಿಸಿದರೆ ಸಾಗಣೆ ದುಪ್ಪಟ್ಟಾಗುವುದಿಲ್ಲ. ಹಾಗಾಗಿ ನಮ್ಮ ವೆಬ್‌ಸೈಟ್‌ನಲ್ಲಿ ಒಂದೊಂದೇ ಬಾಟಲಿ ಇಟ್ಟಿಲ್ಲ, ಜೋಡಿಯೇ. ಕ್ಯಾಶ್ ಆನ್ ಡೆಲಿವರಿಯೂ ಇಲ್ಲ. ಮನೆಯಲ್ಲಿ ಯಾರೂ ಇಲ್ಲ ಅಂತ ತಿರುಗಿ ಬಂದ ಪಾರ್ಸೆಲ್‌ಗೆ ಎರಡೂ ಕಡೆಯ ಸಾಗಣೆ ನಾವೇ ಕೊಡಬೇಕು, ಮಳೆಗಾಲದಲ್ಲಿ ವಾರಗಟ್ಟಲೆ ಸುತ್ತಿ ಬಂದ ಬಾಟಲಿಯನ್ನು ಮತ್ತೊಬ್ಬರಿಗೆ ಕಳಿಸುವ ಮನಸ್ಸೂ ಬರುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಸೋರುವ ಬಾಟಲಿ ಸೋರುತ್ತದೆ. ಮಾರ್ಕೆಟ್‌ಪ್ಲೇಸ್‌ನಲ್ಲಿ ಅದು ರಿವ್ಯೂ ಆಗುತ್ತದೆ. ನಮ್ಮ ವೆಬ್‌ಸೈಟ್‌ನಲ್ಲಿ ಅದು ಫೋನ್ ಆಗುತ್ತದೆ. “ಅಮ್ಮಾ, ಪೆಟ್ಟಿಗೆ ಒದ್ದೆಯಾಗಿ ಬಂದಿದೆ” ಅಂತ ಹೇಳಿದವರಿಗೆ ಅತ್ತಿಗೆ ಫೋಟೊ ಕೇಳಿ, ಮರುದಿನವೇ ಇನ್ನೊಂದು ಕಳಿಸುತ್ತಾರೆ. ಹಾಗೆ ಬದಲಿ ಪಡೆದವರು ಬಹಳ ಸಲ ಮುಂದಿನ ವರ್ಷ ಮೊದಲು ಬುಕ್ ಮಾಡುವವರಲ್ಲಿ ಇರುತ್ತಾರೆ.

ವೆಬ್‌ಸೈಟ್ ಮಾಡಿಸುವವರಿಗೆ ಒಂದು ಕಿವಿಮಾತು. ಡೊಮೈನ್ ಹೆಸರು ಉಪ್ಪಿನಕಾಯಿ ಮಾಡುವವರ ಸ್ವಂತ ಇಮೇಲ್‌ನಲ್ಲೇ ನೋಂದಣಿ ಆಗಬೇಕು. ಮಾಡಿಕೊಟ್ಟವರ ಹೆಸರಲ್ಲಿದ್ದರೆ ಅವರು ಕೆಲಸ ಬಿಟ್ಟ ದಿನ ಅಂಗಡಿಯ ಬೀಗದ ಕೈ ಹುಡುಕಬೇಕಾಗುತ್ತದೆ. ಗೇಟ್‌ವೇ ಸಿಗಬೇಕಾದರೆ ಹಣ ವಾಪಸಾತಿ, ಸಾಗಣೆ, ಗೌಪ್ಯತೆ, ಸಂಪರ್ಕ ಇವುಗಳ ಪುಟಗಳು ಇರಬೇಕು. ಅವನ್ನು ಎಲ್ಲಿಂದಲೋ ನಕಲು ಮಾಡಬೇಡಿ. ‘ಉಪ್ಪಿನಕಾಯಿ ವಾಪಸ್ ತೆಗೆದುಕೊಳ್ಳುವುದಿಲ್ಲ, ಸೋರಿದ್ದರೆ ಎರಡು ದಿನದಲ್ಲಿ ಫೋಟೊ ಕಳಿಸಿ, ಬದಲಿ ಕೊಡುತ್ತೇವೆ’ ಅಂತ ನಮ್ಮ ಮಾತಲ್ಲೇ ಬರೆದರೆ ಜನರಿಗೂ ಅರ್ಥವಾಗುತ್ತದೆ.

ಸದ್ಯ ನಮ್ಮ ಮನೆಯಲ್ಲಿ ಸರಕಿನ ಮೇಲೆ ಅಂಗಡಿ ಹಂಚಿಕೆಯಾಗಿದೆ. ವರ್ಷವಿಡೀ ಮಾಡಬಹುದಾದ ನಿಂಬೆಕಾಯಿ ಮಾರ್ಕೆಟ್‌ಪ್ಲೇಸ್‌ನಲ್ಲಿ, 250 ಗ್ರಾಂ ಪ್ಲಾಸ್ಟಿಕ್ ಬಾಟಲಿಯಲ್ಲಿ. ಅದು ಹಗುರ, ಒಡೆಯುವುದಿಲ್ಲ, ಸ್ಟಾಕ್ ಖಾಲಿಯಾಗಿ ಮಾರಾಟ ನಿಲ್ಲುವುದಿಲ್ಲ. ಲಾಭ ತೆಳು, ಆದರೆ ಲೇಬಲ್ ನೋಡಿ ಫೋನ್ ಮಾಡುವವರು ಅಲ್ಲಿಂದಲೇ ಬರುತ್ತಾರೆ. ಅಪ್ಪೆಮಿಡಿ ವೆಬ್‌ಸೈಟ್‌ನಲ್ಲಿ ಮಾತ್ರ. ಜೀರಿಗೆ ಮಿಡಿಯನ್ನು ಬೇರೆಯಾಗಿ ಹಾಕಿಕೊಡಿ ಅಂತ ಬೆಂಗಳೂರಿನ ಕೆಲವರು ಕೇಳುತ್ತಲೇ ಇದ್ದರು. ಮುಂದಿನ ಜನವರಿಯ ಬುಕಿಂಗ್ ಪುಟದಲ್ಲಿ ಅದಕ್ಕೊಂದು ಬೇರೆ ಸಾಲು ಇರುತ್ತದೆ, ಬೆಲೆ ಸ್ವಲ್ಪ ಜಾಸ್ತಿ, ಬಾಟಲಿಗಳು ಕಡಿಮೆ. ಆ ಮರದವರ ಜೊತೆ ಅತ್ತಿಗೆ ಆಗಲೇ ಮಾತಾಡಿದ್ದಾರೆ.